ಬೋರ್ಡಿನ ಅಕ್ಷರ ಪೋಸ್ಟರಿಗೆ ಬೇಕು: ಬಣ್ಣ ಎತ್ತಬೇಕಾ, ಆಕಾರ ಎತ್ತಬೇಕಾ?

ಕೈಯಲ್ಲಿ ಬರೆದ ಅಂಗಡಿ ಬೋರ್ಡಿನ ಫೋಟೊ ಇದೆ. ಅದರಲ್ಲಿರುವ ಅಕ್ಷರಗಳಷ್ಟೇ ಬೇಕು, ಹಿಂದಿನ ಬಣ್ಣ ಬೇಡ. ಪೋಸ್ಟರಿನ ಯಾವ ಹಿನ್ನೆಲೆ ಮೇಲೆ ಇಟ್ಟರೂ ಕೂರಬೇಕು. ಇದನ್ನು ಮಾಡುವುದು ಹೇಗೆ ಅಂತ ಹುಡುಕಿದರೆ ಹತ್ತು ವಿಡಿಯೊ ಸಿಗುತ್ತವೆ, ಹತ್ತರಲ್ಲೂ ಬೇರೆ ಬೇರೆ ದಾರಿ. ಒಬ್ಬರು ಕಲರ್ ಆಯ್ದು ಅಳಿಸಿ ಅನ್ನುತ್ತಾರೆ, ಇನ್ನೊಬ್ಬರು ಟ್ರೇಸ್ ಮಾಡಿ ಅನ್ನುತ್ತಾರೆ, ಮತ್ತೊಬ್ಬರು ಪೆನ್ ಟೂಲ್ ಬಿಟ್ಟು ಬೇರೆ ಮಾತೇ ಇಲ್ಲ ಅನ್ನುತ್ತಾರೆ. ಮೂವರು ಹೇಳುವುದೂ ಸರಿಯೇ. ಆದರೆ ಮೂರು ದಾರಿಯಿಂದ ಬರುವ ಫಲ ಒಂದೇ ಅಲ್ಲ.

ಮಾತು ಹಿಡಿತದಲ್ಲಿರಲಿ ಅಂತ ಒಂದೇ ಬೋರ್ಡನ್ನು ಇಟ್ಟುಕೊಳ್ಳೋಣ. ತಗಡಿನ ಮೇಲೆ ಕೆಂಪು ಎನಾಮಲ್. ಅದರ ಮೇಲೆ ಹಳದಿಯಲ್ಲಿ "ಸೈಕಲ್ ರಿಪೇರಿ". ಪ್ರತಿ ಅಕ್ಷರದ ಬಲಕ್ಕೂ ಕೆಳಕ್ಕೂ ಕಪ್ಪು ಶೇಡ್. ನಮ್ಮ ಊರುಗಳಲ್ಲಿ ಈ ಜೋಡಿ ಬಣ್ಣ ನೋಡದವರು ಯಾರು? ಫೋಟೊವನ್ನು ರಸ್ತೆಯ ಆಚೆ ಬದಿಯಿಂದ ಮೊಬೈಲಿನಲ್ಲಿ ತೆಗೆದಿದ್ದು. ಬರಹದ ಅಗಲ ಸುಮಾರು 1100 ಪಿಕ್ಸೆಲ್. ಪೋಸ್ಟರು ಎ3 ಅಳತೆಯದು, ಅದರಲ್ಲಿ ಈ ಎರಡು ಪದ 25 ಸೆಂಟಿಮೀಟರ್ ಅಗಲಕ್ಕೆ ಬರಬೇಕು.

ಮೊದಲು ಕೇಳಿಕೊಳ್ಳಬೇಕಾದ್ದು

ನಿಮಗೆ ಬೇಕಾಗಿರುವುದು ಪೇಂಟೋ ಅಥವಾ ಅಕ್ಷರದ ಆಕಾರವೋ? ಬ್ರಷ್ಷಿನ ಗೆರೆ, ಬಿಸಿಲಿಗೆ ಮಾಸಿದ ಹಳದಿ, ಅಲ್ಲಲ್ಲಿ ಎದ್ದ ಪದರ, ಇವೆಲ್ಲ ಪೋಸ್ಟರಿನಲ್ಲೂ ಕಾಣಬೇಕು ಅಂದರೆ ನಿಮಗೆ ಪೇಂಟೇ ಬೇಕು. ಆಗ ಫೋಟೊದ ಪಿಕ್ಸೆಲ್‌ಗಳನ್ನೇ ಉಳಿಸಿಕೊಳ್ಳಬೇಕು. ಆ ಕೈಬರಹದ ತಿರುವು ಸಾಕು, ಬಣ್ಣ ನಾನೇ ಕೊಡುತ್ತೇನೆ ಅಂದರೆ ಆಕಾರ ಸಾಕು. ಆಗ ವೆಕ್ಟರ್ ಮಾಡಬೇಕು, ಅಂದರೆ ಪಿಕ್ಸೆಲ್ ಬಿಟ್ಟು, ಎಷ್ಟು ಹಿಗ್ಗಿಸಿದರೂ ಮಬ್ಬಾಗದ ಗೆರೆಗಳಾಗಿ ಬದಲಿಸಬೇಕು. ಉಳಿದ ಎಲ್ಲ ತೀರ್ಮಾನವೂ ಇದರ ಹಿಂದೆಯೇ ಬರುತ್ತದೆ.

ಎರಡನೆಯದು ಅಚ್ಚಿನ ಅಳತೆ. 25 ಸೆಂಟಿಮೀಟರ್ ಅಂದರೆ ಹತ್ತಿರ ಹತ್ತಿರ 9.8 ಇಂಚು. 1100 ಪಿಕ್ಸೆಲ್ಲನ್ನು ಅಷ್ಟು ಅಗಲಕ್ಕೆ ಹರಡಿದರೆ ಇಂಚಿಗೆ 112 ಪಿಕ್ಸೆಲ್ ಬರುತ್ತದೆ. ಪ್ರೆಸ್ಸಿನವರು ಕೇಳುವುದು 300. ಗೋಡೆಗೆ ಅಂಟಿಸಿ ದೂರದಿಂದ ನೋಡುವ ಪೋಸ್ಟರಿಗೆ 150 ಇದ್ದರೂ ನಡೆಯುತ್ತದೆ. ನಮ್ಮದು ಅದಕ್ಕಿಂತಲೂ ಸ್ವಲ್ಪ ಕಡಿಮೆ. ಮಾಸಿದ ಪೇಂಟಿನ ಚಿತ್ರವಾದರೆ ಈ ಕೊರತೆ ಅಷ್ಟಾಗಿ ಕಾಣುವುದಿಲ್ಲ. ಅಂಚು ಚೂಪಾಗಿರಬೇಕು ಅಂದರೆ ಕಾಣುತ್ತದೆ.

ಮೂರನೆಯದು ಫೋಟೊದ ಸ್ಥಿತಿ, ನಾಲ್ಕನೆಯದು ನಿಮ್ಮ ಸಮಯ. ದುಡ್ಡಿನ ಮಾತು ಇಲ್ಲಿ ಜಾಸ್ತಿ ಇಲ್ಲ. ಗಿಂಪ್ ಮತ್ತು ಇಂಕ್‌ಸ್ಕೇಪ್ ಎರಡೂ ಉಚಿತ. ಫೋಟೊಪಿಯಾ ಬ್ರೌಸರಿನಲ್ಲೇ ಓಡುತ್ತದೆ, ಜಾಹೀರಾತು ಸಹಿಸಿಕೊಂಡರೆ ಅದಕ್ಕೂ ಕಾಸಿಲ್ಲ. ಫೋಟೊಶಾಪ್, ಇಲಸ್ಟ್ರೇಟರ್ ಈಗಾಗಲೇ ಇದ್ದರೆ ಅದರಲ್ಲೇ ಮಾಡಿ. ಈ ಒಂದು ಕೆಲಸಕ್ಕಾಗಿ ಚಂದಾ ಕಟ್ಟಬೇಕಾಗಿಲ್ಲ.

ಯಾವ ದಾರಿಯಾದರೂ ತಪ್ಪದ ಕೆಲಸ

ಫೋಟೊ ಓರೆಯಾಗಿದ್ದರೆ ಅಕ್ಷರವೂ ಓರೆ. ಮೊದಲು ಅದನ್ನು ನೇರ ಮಾಡಿ. ಗಿಂಪ್‌ನಲ್ಲಿ `Perspective` ಟೂಲ್ ತೆಗೆದು, ಅದರ ಆಯ್ಕೆಗಳಲ್ಲಿ `Corrective (Backward)` ಹಾಕಿ. ನಾಲ್ಕು ಮೂಲೆಗಳನ್ನು ಬೋರ್ಡಿನ ನಾಲ್ಕು ಮೂಲೆಗೆ ಎಳೆದು ಕೂರಿಸಿ. ಬೋರ್ಡು ಚೌಕಟ್ಟಾಗಿ ನಿಲ್ಲುತ್ತದೆ.

ಇಲ್ಲೊಂದು ವಿಷಯ ಹಲವರಿಗೆ ಹೊಳೆಯುವುದಿಲ್ಲ. ಮೂಲೆಗಳು ನೇರವಾದವು ಅಂದಮಾತ್ರಕ್ಕೆ ಉದ್ದ-ಅಗಲದ ಪ್ರಮಾಣ ಸರಿಯಾಯಿತು ಅಂತಲ್ಲ. ಪಕ್ಕದಿಂದ ತೆಗೆದ ಫೋಟೊದಲ್ಲಿ ಅಕ್ಷರಗಳು ಒತ್ತಿದ ಹಾಗೆ ಕಿರಿದಾಗಿರುತ್ತವೆ, ನೇರ ಮಾಡಿದ ಮೇಲೂ ಹಾಗೇ ಉಳಿಯಬಹುದು. ಬೋರ್ಡಿನ ನಿಜವಾದ ಅಳತೆ ಗೊತ್ತಿದ್ದರೆ ಕಷ್ಟವಿಲ್ಲ. ಆರು ಅಡಿಗೆ ಒಂದೂವರೆ ಅಡಿ ಅಂದರೆ ನಾಲ್ಕಕ್ಕೆ ಒಂದು, ಅಷ್ಟಕ್ಕೆ ಸರಿಯಾಗಿ ಚಿತ್ರವನ್ನು ಹಿಗ್ಗಿಸಿ. ಅಂಗಡಿಯವರನ್ನು ಕೇಳಿದರೆ ಹೇಳುತ್ತಾರೆ, ಮಾಡಿಸಿದ್ದು ಅವರೇ ಅಲ್ವಾ.

ಇನ್ನೊಂದು: ಮೂಲ ಫೈಲ್ ಬೇಕು. ವಾಟ್ಸಾಪಿನಲ್ಲಿ ಫೋಟೊ ಆಗಿ ಬಂದದ್ದು ಕುಗ್ಗಿ ಬಂದಿರುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ.

ದಾರಿ ಒಂದು: ಹಿನ್ನೆಲೆ ಬಣ್ಣವನ್ನು ಕರಗಿಸುವುದು

ಗಿಂಪ್‌ನ `Color to Alpha` ಎಲ್ಲಕ್ಕಿಂತ ಬೇಗ. ಹಿನ್ನೆಲೆಯ ಕೆಂಪನ್ನು ಆರಿಸಿ ಒತ್ತಿದರೆ ಕೆಂಪು ಮಾಯ. ಬಿಳಿ ಗೋಡೆ ಮೇಲೆ ಕಪ್ಪು ಅಥವಾ ನೀಲಿಯಲ್ಲಿ ಬರೆದಿದ್ದರೆ ಇದಕ್ಕಿಂತ ಒಳ್ಳೆಯ ದಾರಿ ಬೇಕಿಲ್ಲ. ಅಂಚಿನ ನಯವೂ ಉಳಿಯುತ್ತದೆ, ಐದು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ.

ಆದರೆ ನಮ್ಮ ಬೋರ್ಡಿಗೆ ಇದು ಒಗ್ಗುವುದಿಲ್ಲ. ಕಾರಣ ಹಳದಿಯೊಳಗೇ ಕೆಂಪಿದೆ. ಮಾಸಿದ ಹಳದಿಯ ಒಂದು ಪಿಕ್ಸೆಲ್ ತೆಗೆದುಕೊಳ್ಳಿ, 0ಯಿಂದ 255ರವರೆಗಿನ ಅಳತೆಯಲ್ಲಿ: ಕೆಂಪು 235, ಹಸಿರು 190, ನೀಲಿ 45. ಬೋರ್ಡಿನ ಕೆಂಪು ಬಣ್ಣ 180, 35, 30 ಅಂತಿಟ್ಟುಕೊಳ್ಳಿ. ಈ ಟೂಲು ಹಳದಿಯಿಂದ ಆ ಕೆಂಪನ್ನು ಎಷ್ಟು ಸಾಧ್ಯವೋ ಅಷ್ಟು ಕಳೆಯುತ್ತದೆ. ಉಳಿದ ಹಳದಿ ಸುಮಾರು ನೂರಕ್ಕೆ 73ರಷ್ಟು ಮಾತ್ರ ಗಟ್ಟಿ. ಬಿಳಿ ಹಿನ್ನೆಲೆಯಲ್ಲಿ ಇಟ್ಟು ನೋಡಿದಾಗ ಇದು ಗೊತ್ತೇ ಆಗುವುದಿಲ್ಲ. ಪೋಸ್ಟರಿನ ಕಡು ನೀಲಿ ಮೇಲೆ ಇಟ್ಟಾಗ ಹಳದಿಯ ಮೂಲಕ ನೀಲಿ ಇಣುಕಿ ಅಕ್ಷರ ಕೊಳಕಾಗಿ ಕಾಣುತ್ತದೆ. `Opacity threshold` ಇಳಿಸಿದರೆ ಅಕ್ಷರ ಗಟ್ಟಿಯಾಗುತ್ತದೆ ನಿಜ, ಆದರೆ ಕೆಂಪಿನ ಮೇಲಿನ ಧೂಳು, ಮಳೆನೀರಿನ ಕಲೆ ಎಲ್ಲವೂ ಜೊತೆಗೇ ಗಟ್ಟಿಯಾಗಿ ಎದ್ದು ಬರುತ್ತವೆ.

ಒಂದೇ ಕ್ಲಿಕ್ಕಿನ ಬ್ಯಾಕ್‌ಗ್ರೌಂಡ್ ರಿಮೂವರ್‌ಗಳ ಬಗ್ಗೆಯೂ ಕೇಳುತ್ತಾರೆ. ಅವು ಮನುಷ್ಯರನ್ನು, ವಸ್ತುಗಳನ್ನು ಬೇರ್ಪಡಿಸಲು ಇರುವಂಥವು. ಅವುಗಳ ಲೆಕ್ಕದಲ್ಲಿ ಬೋರ್ಡೇ ವಸ್ತು. ಗೋಡೆ ತೆಗೆದು ಬೋರ್ಡನ್ನು ಪೂರ್ತಿ ಉಳಿಸಿ ಕೊಡುತ್ತವೆ.

ದಾರಿ ಎರಡು: ಚಾನೆಲ್‌ನಿಂದ ಮಾಸ್ಕ್

ಪೇಂಟೇ ಬೇಕು ಅನ್ನುವವರಿಗೆ ನನ್ನ ಉತ್ತರ ಇದು. ಮಾಸ್ಕ್ ಅಂದರೆ ಬಿಳಿ ಇದ್ದಲ್ಲಿ ಫೋಟೊವನ್ನು ತೋರಿಸಿ, ಕಪ್ಪು ಇದ್ದಲ್ಲಿ ಮರೆಮಾಡುವ ಚಿತ್ರ. ಬಣ್ಣದ ಫೋಟೊ ಅಂದರೆ ಕೆಂಪಿಗೊಂದು, ಹಸಿರಿಗೊಂದು, ನೀಲಿಗೊಂದು ಅಂತ ಮೂರು ಕಪ್ಪು-ಬಿಳುಪು ಚಿತ್ರಗಳು ಒಂದರ ಮೇಲೊಂದು ಕೂತಿರುವುದು. ಒಂದೊಂದಕ್ಕೂ ಚಾನೆಲ್ ಅಂತ ಹೆಸರು. ಗಿಂಪ್‌ನಲ್ಲಿ `Colors > Components > Decompose` ಕೊಟ್ಟು `RGB` ಆರಿಸಿದರೆ ಮೂರೂ ಬೇರೆ ಬೇರೆ ಲೇಯರ್ ಆಗಿ ಎದುರಿಗೆ ಬರುತ್ತವೆ. ನಮ್ಮ ಬೋರ್ಡನ್ನು ಹೀಗೆ ಬಿಡಿಸಿದರೆ ಸ್ವಾರಸ್ಯ ಕಾಣುತ್ತದೆ.

ಹಸಿರು ಚಾನೆಲ್‌ನಲ್ಲಿ ಹಳದಿ ಅಕ್ಷರ 190ರ ಸುಮಾರಿಗೆ ಬೆಳ್ಳಗಿದೆ. ಕೆಂಪು ಹಿನ್ನೆಲೆ 35, ಕಪ್ಪು ಶೇಡ್ 30. ಎರಡೂ ಒಂದೇ ಕತ್ತಲೆ. ಅಂದರೆ ಶೇಡ್ ತಾನಾಗಿಯೇ ಹಿನ್ನೆಲೆಯಲ್ಲಿ ಮುಳುಗಿದೆ, ಬರೀ ಅಕ್ಷರ ಉಳಿದಿದೆ. ಕೆಂಪು ಚಾನೆಲ್‌ನಲ್ಲಿ ಇದರ ತಿರುಗುಮುರುಗು. ಅಲ್ಲಿ ಹಳದಿ 235, ಹಿನ್ನೆಲೆ 180, ಎರಡೂ ಬೆಳಕು. ಶೇಡ್ ಒಂದೇ ಕಪ್ಪು. ಹೀಗೆ ಅಕ್ಷರಕ್ಕೊಂದು, ಶೇಡಿಗೊಂದು ಮಾಸ್ಕ್ ಬಿಟ್ಟಿ ಸಿಕ್ಕಿತು. ಶೇಡಿನದರಲ್ಲಿ ಮಾತ್ರ ಕಪ್ಪು-ಬಿಳಿಯನ್ನು ಅದಲುಬದಲು ಮಾಡಿಕೊಳ್ಳಬೇಕು. ಪೋಸ್ಟರಿನಲ್ಲಿ ಶೇಡನ್ನು ಬೇರೆ ಬಣ್ಣಕ್ಕೆ ತಿರುಗಿಸಬಹುದು, ಬೇಡವೆಂದರೆ ಬಿಡಬಹುದು.

ಬೇರೆ ಬೋರ್ಡುಗಳಿಗೂ ಇದೇ ಲೆಕ್ಕ. ನೀಲಿ ಹಿನ್ನೆಲೆಯಲ್ಲಿ ಬಿಳಿ ಅಕ್ಷರವಾದರೆ ಕೆಂಪು ಚಾನೆಲ್ ನೋಡಿ, ಅಲ್ಲಿ ನೀಲಿ ಕಪ್ಪಾಗಿರುತ್ತದೆ. ಬಿಳಿ ಗೋಡೆ ಮೇಲೆ ಕೆಂಪು ಅಕ್ಷರವಾದರೆ ಹಸಿರು. ನೀಲಿ ಚಾನೆಲ್ಲನ್ನು ಬೇರೆ ಗತಿಯಿಲ್ಲದಾಗ ಮಾತ್ರ ಬಳಸಿ. ಜೆಪೆಗ್ ಫೈಲು ಬೆಳಕಿನ ವಿವರವನ್ನು ಪೂರ್ತಿ ಇಟ್ಟುಕೊಂಡು ಬಣ್ಣದ ವಿವರವನ್ನು ಸಾಮಾನ್ಯವಾಗಿ ಅರ್ಧಕ್ಕೆ ಇಳಿಸುತ್ತದೆ. ಆ ಬೆಳಕಿನಲ್ಲಿ ಹಸಿರಿನ ಪಾಲು ಎಲ್ಲಕ್ಕಿಂತ ದೊಡ್ಡದು, ನೀಲಿಯದು ತೀರಾ ಸಣ್ಣದು. ಅದಕ್ಕೇ ಹಸಿರಿನ ಅಂಚು ಚೂಪು, ನೀಲಿಯ ಅಂಚು ಚೌಕ ಚೌಕವಾಗಿ ಒಡೆದಿರುತ್ತದೆ.

ಮುಂದಿನ ಕೆಲಸ `Levels`. ಹಸಿರು ಚಾನೆಲ್‌ನಲ್ಲಿ ಎಡಗಡೆಯ ಬಾಣವನ್ನು 80ಕ್ಕೆ, ಬಲಗಡೆಯದನ್ನು 150ಕ್ಕೆ ತನ್ನಿ. ಹಿನ್ನೆಲೆ ಪೂರ್ತಿ ಕಪ್ಪಾಗುತ್ತದೆ, ಅಕ್ಷರ ಪೂರ್ತಿ ಬಿಳಿ. ಅಂಚಿನಲ್ಲಿ ಮಾತ್ರ ಒಂದೆರಡು ಪಿಕ್ಸೆಲ್ ಬೂದು ಉಳಿಯುತ್ತದೆ. ಆ ಬೂದೇ ನಯ. ಇಲ್ಲಿ `Threshold` ಬಳಸಿದರೆ ಬೂದು ಹೋಗಿ ಅಂಚು ಮೆಟ್ಟಿಲು ಮೆಟ್ಟಿಲಾಗುತ್ತದೆ. ಈ ಚಿತ್ರವನ್ನು ಕಾಪಿ ಮಾಡಿ ಮೂಲ ಫೋಟೊದ ಲೇಯರ್ ಮಾಸ್ಕಿಗೆ ಅಂಟಿಸಿ. ಅಕ್ಷರ ತನ್ನ ಪೇಂಟಿನ ಸಮೇತ ಎದ್ದು ಬರುತ್ತದೆ.

ಆಗ ಕಾಣುವ ಮೊದಲ ತೊಂದರೆ ಅಕ್ಷರದ ಸುತ್ತ ತೆಳು ಕೆಂಪು ಗೆರೆ. ಅಂಚಿನ ಪಿಕ್ಸೆಲ್‌ಗಳಲ್ಲಿ ಹಳದಿಯೂ ಕೆಂಪೂ ಬೆರೆತಿರುತ್ತವೆ, ಅದಕ್ಕೆ ಹೀಗೆ. `Levels` ಬಾಣಗಳನ್ನು ಇನ್ನೂ ಬಲಕ್ಕೆ, 110 ಮತ್ತು 170ರ ಹತ್ತಿರ ತಂದರೆ ಮಾಸ್ಕಿನ ಅಂಚು ಅಕ್ಷರದ ಒಳಕ್ಕೆ ಸರಿಯುತ್ತದೆ, ಗೆರೆ ಹೋಗುತ್ತದೆ. ತೆಳು ಗೆರೆಯ ಅಕ್ಷರಗಳಲ್ಲಿ ಇದನ್ನು ಅತಿ ಮಾಡಬೇಡಿ, ಬರಹವೇ ಸೊರಗುತ್ತದೆ.

ಎರಡನೆಯದು ಮರದ ನೆರಳು. ಬೋರ್ಡಿನ ಅರ್ಧ ಬಿಸಿಲಲ್ಲಿದ್ದು ಅರ್ಧ ನೆರಳಲ್ಲಿದ್ದರೆ ಒಂದೇ ಅಳತೆ ಎರಡಕ್ಕೂ ಹೊಂದುವುದಿಲ್ಲ. "ಸೈಕಲ್" ಚೆನ್ನಾಗಿ ಬಂದು "ರಿಪೇರಿ" ತೂತು ಬೀಳುತ್ತದೆ. ಬೇಕಾದ ಭಾಗವನ್ನಷ್ಟೇ ಸೆಲೆಕ್ಟ್ ಮಾಡಿ, ಅದಕ್ಕೆ ಬೇರೆ `Levels` ಕೊಡಿ. ಅಕ್ಷರಕ್ಕೊಂದರಂತೆ ಕೊಡಬೇಕಾಗಿ ಬಂದರೂ ಆರು ಅಕ್ಷರ, ಎಷ್ಟು ಹೊತ್ತು? ಎನಾಮಲ್ ಮೇಲೆ ಬಿಸಿಲು ಹೊಳೆದು ಬೆಳ್ಳಗಾದ ಜಾಗಕ್ಕೆ ಮಾತ್ರ ಮದ್ದಿಲ್ಲ. ಅಲ್ಲಿ ಮಾಹಿತಿಯೇ ಇಲ್ಲ. ಸಾಧ್ಯವಾದರೆ ಮೋಡ ಇರುವ ದಿನ ಹೋಗಿ ಇನ್ನೊಂದು ಫೋಟೊ ತೆಗೆಯಿರಿ. ಅಷ್ಟು ಹೊತ್ತು ಕಂಪ್ಯೂಟರ್ ಮುಂದೆ ಕೂರುವುದಕ್ಕಿಂತ ಅದೇ ಸುಲಭ.

ಪದರ ಎದ್ದು ಹೋದಲ್ಲಿ ಮಾಸ್ಕಿನಲ್ಲೂ ತೂತು ಇರುತ್ತದೆ. ಅದನ್ನು ಬಿಳಿ ಬ್ರಷ್‌ನಿಂದ ಮುಚ್ಚಬೇಕೋ, ಹಾಗೇ ಬಿಡಬೇಕೋ ನಿಮ್ಮಿಷ್ಟ. ನಾನಾದರೆ ಅಕ್ಷರದ ನಡುವಿನ ತೂತು ಬಿಡುತ್ತೇನೆ, ಅಂಚನ್ನು ಕಚ್ಚಿದ ತೂತು ಮುಚ್ಚುತ್ತೇನೆ. ಅಂಚು ಹಾಳಾದರೆ ಓದುವುದು ಕಷ್ಟ.

ಈ ದಾರಿಯ ಮಿತಿ ಅಳತೆ. ಇಂಚಿಗೆ 112 ಪಿಕ್ಸೆಲ್ ಇದ್ದದ್ದು 112ರಲ್ಲೇ ಇರುತ್ತದೆ. ಎ3ಗೆ ಒಪ್ಪಿಕೊಳ್ಳಬಹುದು. ಹತ್ತು ಅಡಿ ಬ್ಯಾನರಿಗೆ ಇದನ್ನೇ ಹಿಗ್ಗಿಸಿದರೆ ಹತ್ತಿರ ನಿಂತವರಿಗೆ ಮಬ್ಬು ಮಬ್ಬು.

ದಾರಿ ಮೂರು: ಕಪ್ಪು-ಬಿಳುಪು ಮಾಡಿ ಟ್ರೇಸ್

ಆಕಾರ ಸಾಕು, ಅಳತೆ ದೊಡ್ಡದು, ಅಥವಾ ಒಂದೇ ಬಣ್ಣದ ಸ್ಕ್ರೀನ್ ಪ್ರಿಂಟಿಂಗ್ ಮಾಡಿಸಬೇಕು ಅನ್ನುವವರಿಗೆ ಇದು. ಟ್ರೇಸ್ ಅಂದರೆ ಅಕ್ಷರದ ಅಂಚಿನ ಗುಂಟ ಪ್ರೋಗ್ರಾಮೇ ವೆಕ್ಟರ್ ಗೆರೆ ಎಳೆಯುವುದು. ಅದೇ ಹಸಿರು ಚಾನೆಲ್ ತೆಗೆದುಕೊಂಡು ಮೂರು ಪಟ್ಟು ದೊಡ್ಡದು ಮಾಡಿ, ಸ್ವಲ್ಪ ಬ್ಲರ್ ಕೊಟ್ಟು, ಆಮೇಲೆ `Threshold` ಮಾಡಿ. ಈ ಕ್ರಮ ಮುಖ್ಯ. ಚಿಕ್ಕ ಚಿತ್ರವನ್ನು ಮೊದಲೇ ಕಪ್ಪು-ಬಿಳುಪು ಮಾಡಿದರೆ ಮೆಟ್ಟಿಲುಗಳು ಹುಟ್ಟುತ್ತವೆ. ಟ್ರೇಸ್ ಮಾಡುವ ಪ್ರೋಗ್ರಾಮ್ ಆ ಮೆಟ್ಟಿಲುಗಳನ್ನೇ ಅಕ್ಷರದ ಆಕಾರ ಅಂದುಕೊಳ್ಳುತ್ತದೆ. ಆಮೇಲೆ ಇಂಕ್‌ಸ್ಕೇಪಿನ `Path > Trace Bitmap`. ಅದರ ಹಿಂದೆ ಕೆಲಸ ಮಾಡುವುದು ಪೊಟ್ರೇಸ್ ಅನ್ನುವ ಪ್ರೋಗ್ರಾಮ್. ಕಮಾಂಡ್ ಬಳಸಿ ರೂಢಿ ಇದ್ದವರು ಎರಡೇ ಸಾಲಿನಲ್ಲಿ ಮುಗಿಸಬಹುದು:

```
magick board.png -channel G -separate +channel -resize 300% -blur 0x2 -threshold 45% letters.pbm
potrace -s -i -t 20 -a 1.0 letters.pbm -o letters.svg
```

ಪೊಟ್ರೇಸ್ ಕಪ್ಪನ್ನು ಟ್ರೇಸ್ ಮಾಡುತ್ತದೆ. ನಮ್ಮ ಅಕ್ಷರ ಬಿಳಿ, ಅದಕ್ಕೇ ತಿರುಗಿಸಲು `-i`. `-t` ಅನ್ನುವುದು ಎಷ್ಟು ಸಣ್ಣ ಚುಕ್ಕೆಯವರೆಗೆ ಕಸ ಅಂತ ಎಸೆಯಬೇಕು ಅನ್ನುವ ಅಳತೆ. ಇಂಕ್‌ಸ್ಕೇಪಿನಲ್ಲಿ ಇದಕ್ಕೆ `Speckles` ಅಂತ ಹೆಸರು.

ಕನ್ನಡಕ್ಕೆ ಈ ಕಸ ತೆಗೆಯುವ ಕೆಲಸವೇ ಅಪಾಯ. ಧೂಳಿನ ಚುಕ್ಕೆ ಯಾವುದು, ಅಕ್ಷರದ ಚುಕ್ಕೆ ಯಾವುದು ಅಂತ ಪ್ರೋಗ್ರಾಮಿಗೆ ಗೊತ್ತಿಲ್ಲ. ಠ ಒಳಗಿನ ಚುಕ್ಕೆ ಹೋದರೆ "ಪಾಠಶಾಲೆ" "ಪಾರಶಾಲೆ" ಆಗುತ್ತದೆ. ಧ ಕೆಳಗಿನ ಸೀಳು ಬ್ಲರ್‌ನಲ್ಲಿ ಮುಚ್ಚಿದರೆ ಅದು ದ. ನಮ್ಮ ಬೋರ್ಡಿನಲ್ಲಿ ನೋಡಬೇಕಾದದ್ದು ಪೇ ಮತ್ತು ಸೈ. ತಲೆಕಟ್ಟಿನ ಕೆಳಗಿನ ಕಿರಿದಾದ ಸಂದು ಬ್ಲರ್ ಜಾಸ್ತಿಯಾದರೆ ಕೂಡಿಕೊಂಡುಬಿಡುತ್ತದೆ. ಒತ್ತಕ್ಷರಗಳ ಗತಿಯೂ ಅಷ್ಟೇ. ಪೇಂಟರುಗಳು ಜಾಗ ಸಾಲದೆ ಒತ್ತನ್ನು ಮೇಲಿನ ಅಕ್ಷರಕ್ಕೆ ತಾಗಿಸಿಯೇ ಬರೆದಿರುತ್ತಾರೆ. ಟ್ರೇಸ್ ಆದ ಮೇಲೆ ಫೋಟೊವನ್ನು ಪಕ್ಕದಲ್ಲಿಟ್ಟು ಒಂದೊಂದೇ ಅಕ್ಷರ ಓದಿ. ಕನ್ನಡ ಬರುವ ಇನ್ನೊಬ್ಬರ ಕೈಲಿ ಓದಿಸಿದರೆ ಇನ್ನೂ ಒಳ್ಳೆಯದು.

ಇನ್ನೊಂದು ಕೊರತೆ ಅಂಚು. ಟ್ರೇಸ್ ಮಾಡಿದ ಅಂಚು ಸಣ್ಣಗೆ ನಡುಗಿದ ಹಾಗಿರುತ್ತದೆ. ಎ3ರಲ್ಲಿ ಅದು ಕೈಬರಹದ ಗುಣ ಅನ್ನಿಸಿಕೊಂಡು ದಾಟಿ ಹೋಗುತ್ತದೆ. ದೊಡ್ಡದಾದಷ್ಟೂ ಆ ನಡುಕ ಕ್ಯಾಮೆರಾದ್ದು, ಪೇಂಟರದ್ದಲ್ಲ ಅಂತ ಗೊತ್ತಾಗುತ್ತದೆ. ಪೇಂಟರಿನ ಕೈ ನಡುಗಿರುವುದಿಲ್ಲ.

ದಾರಿ ನಾಲ್ಕು: ಕೈಯಲ್ಲೇ ಗೆರೆ ಎಳೆಯುವುದು

ಫೋಟೊವನ್ನು ಮಸುಕಾಗಿ ಕೆಳಗಿಟ್ಟು, ಅದರ ಮೇಲೆ ಪೆನ್ ಟೂಲಿನಲ್ಲಿ ಗೆರೆ ಎಳೆಯುವುದು. ಫೋಟೊ ಎಷ್ಟೇ ಕೆಟ್ಟದಿರಲಿ, ನೆರಳಿರಲಿ, ಕರೆಂಟ್ ವೈರ್ ಅಡ್ಡ ಬಂದಿರಲಿ, ಇದು ನಡೆಯುತ್ತದೆ. ಸಂಜೆ ಪೂರ್ತಿ ಹೋಗುತ್ತದೆ ಅನ್ನುವುದಷ್ಟೇ ಬೆಲೆ. ಗೆರೆಯನ್ನು ಹಿಡಿದಿಡುವ ಬಿಂದುಗಳಿಗೆ ನೋಡ್ ಅನ್ನುತ್ತಾರೆ. ಕನ್ನಡದ ಅಕ್ಷರ ದುಂಡು. ನೋಡ್‌ಗಳನ್ನು ದುಂಡಿನ ತುತ್ತತುದಿಯಲ್ಲಿ, ಅಂದರೆ ಎಡ, ಬಲ, ಮೇಲೆ, ಕೆಳಗೆ ಇಟ್ಟು ಹ್ಯಾಂಡಲ್‌ಗಳನ್ನು ನೇರ ಅಡ್ಡ ಅಥವಾ ನೇರ ಉದ್ದ ಎಳೆಯಿರಿ. ರ ಹೊರಗಿನ ಸುತ್ತಿಗೆ ನಾಲ್ಕು ನೋಡ್ ಸಾಕು. ಹನ್ನೆರಡು ಇಟ್ಟರೆ ಗಾಲಿ ಬಡಿದ ಹಾಗೆ ಸೊಟ್ಟ.

ನಮ್ಮ ಬೋರ್ಡಿನಲ್ಲಿ ರಿ ಎರಡು ಸಲ ಬರುತ್ತದೆ. ಒಂದನ್ನು ಎಳೆದು ಇನ್ನೊಂದು ಜಾಗಕ್ಕೂ ಕಾಪಿ ಮಾಡಲು ಮನಸ್ಸಾಗುತ್ತದೆ, ಮಾಡಬೇಡಿ. ಬೋರ್ಡಿನ ಎರಡು ರಿಗಳು ಒಂದೇ ಥರ ಇಲ್ಲ. ಕೊನೆಯದಕ್ಕೆ ಜಾಗ ಕಡಿಮೆ ಉಳಿದು ಅದನ್ನು ಸ್ವಲ್ಪ ಒತ್ತಿ ಬರೆದಿದ್ದಾರೆ. ಎರಡೂ ಅಚ್ಚುಹಾಕಿದ ಹಾಗೆ ಒಂದೇ ಆದರೆ ನೋಡುವವರಿಗೆ ಅದು ಫಾಂಟು.

ಎಲ್ಲ ಆರನ್ನೂ ಕೈಯಲ್ಲಿ ಎಳೆಯಲೇಬೇಕು ಅಂತಿಲ್ಲ. ಮೂರನೆಯ ದಾರಿಯಲ್ಲಿ ಟ್ರೇಸ್ ಮಾಡಿ, ಕೆಟ್ಟು ಬಂದ ಅಕ್ಷರಗಳನ್ನಷ್ಟೇ ಕೈಯಲ್ಲಿ ಎಳೆಯಬಹುದು. ಹೆಚ್ಚಿನವರಿಗೆ ಇದೇ ಹದ ಅಂತ ನನಗನ್ನಿಸುತ್ತದೆ.

ಇನ್ನೊಂದಿದೆ: ಹೊಸದಾಗಿ ಬರೆಸುವುದು

ಬೋರ್ಡು ಬರೆದ ಪೇಂಟರು ಊರಲ್ಲೇ ಇದ್ದರೆ, ಬಿಳಿ ಹಾಳೆಯ ಮೇಲೆ ಕಪ್ಪು ಬಣ್ಣದಲ್ಲಿ ಬರೆದುಕೊಡಿ ಅಂತ ಕೇಳಿ, ಕೂಲಿ ಕೊಡಿ. ಬೋರ್ಡಿನ ಮೂಲೆಯಲ್ಲಿ ಅವರ ಹೆಸರು, ಕೆಲವೊಮ್ಮೆ ಫೋನ್ ನಂಬರ್ ಕೂಡ ಇರುತ್ತದೆ. ಹಾಳೆ ಸ್ಕ್ಯಾನ್ ಮಾಡಿದರೆ ಮೇಲಿನ ಅರ್ಧ ತೊಂದರೆಗಳು ಇಲ್ಲವೇ ಇಲ್ಲ: ಓರೆಯಿಲ್ಲ, ನೆರಳಿಲ್ಲ, ಬಣ್ಣ ಬೆರೆಯುವುದಿಲ್ಲ. ದೆಹಲಿಯ ಹನೀಫ್ ಕುರೇಶಿ ಹ್ಯಾಂಡ್‌ಪೇಂಟೆಡ್‌ಟೈಪ್ ಅನ್ನುವ ಯೋಜನೆಯಲ್ಲಿ ಬೀದಿ ಪೇಂಟರುಗಳ ಬರಹವನ್ನು ಡಿಜಿಟಲ್ ಫಾಂಟ್ ಆಗಿಸಿದ್ದರು, ಫಾಂಟಿಗೆ ಆಯಾ ಪೇಂಟರ ಹೆಸರನ್ನೇ ಇಟ್ಟು. ಬೋರ್ಡಿನಲ್ಲಿಲ್ಲದ ಪದ ಪೋಸ್ಟರಿಗೆ ಬೇಕಾದರಂತೂ ಬರೆಸುವುದೇ ಸರಿ. ಆರು ಅಕ್ಷರಗಳನ್ನು ಕತ್ತರಿಸಿ ಜೋಡಿಸಿ ಏಳನೆಯದನ್ನು ಹುಟ್ಟಿಸಿದರೆ ಜೋಡಣೆ ಎದ್ದು ಕಾಣುತ್ತದೆ. ಫೋಟೊದಿಂದಲೇ ಎತ್ತುತ್ತೀರಿ ಅಂದರೂ, ಪೋಸ್ಟರು ಮಾರುವಂಥದ್ದಾದರೆ ಪೇಂಟರನ್ನೂ ಅಂಗಡಿಯವರನ್ನೂ ಒಂದು ಮಾತು ಕೇಳಿ.

ಹಾಗಾದರೆ ಯಾವುದು?

ನಮ್ಮ ಸೈಕಲ್ ಬೋರ್ಡಿಗೆ ಎರಡು ಉತ್ತರ. ಎ3 ಪೋಸ್ಟರು ಹಳೇ ಪೇಟೆಯ ಬಗ್ಗೆ, ಮಾಸಿದ ಪೇಂಟೇ ಅದರ ಜೀವ ಅನ್ನುವುದಾದರೆ ಎರಡನೆಯ ದಾರಿ. ಅಕ್ಷರಕ್ಕೆ ಹಸಿರು ಚಾನೆಲ್, ಶೇಡಿಗೆ ಕೆಂಪು ಚಾನೆಲ್. ಇದೇ ಹೆಸರನ್ನು ಟೀಶರ್ಟಿಗೂ ಹಾಕಬೇಕು, ಬ್ಯಾನರಿಗೂ ಬೇಕು ಅನ್ನುವುದಾದರೆ ಟ್ರೇಸ್ ಮಾಡಿ, ಪೇ ಮತ್ತು ಸೈಗಳನ್ನು ಕೈಯಲ್ಲಿ ತಿದ್ದಿ. ಫೋಟೊದಲ್ಲಿ ಬರಹದ ಅಗಲ 500 ಪಿಕ್ಸೆಲ್ಲಿಗಿಂತ ಕಡಿಮೆ ಇದ್ದರೆ ಮೊದಲ ಮೂರೂ ಬಿಟ್ಟುಬಿಡಿ. ಕೈಯಲ್ಲಿ ಎಳೆಯಿರಿ ಅಥವಾ ಬರೆಸಿ. ಬಿಳಿ ಗೋಡೆಯ ಕಪ್ಪು ಬರಹವಾಗಿದ್ದು ನಾಳೆಯೇ ಪೋಸ್ಟರು ಬೇಕಿದ್ದರೆ `Color to Alpha` ಸಾಕು.

ಯಾವ ದಾರಿಯಲ್ಲಿ ಮಾಡಿದರೂ ಕಳಿಸುವ ಮುಂಚೆ ಅಕ್ಷರದ ಕೆಳಗೆ ಒಂದು ಕಪ್ಪು ಲೇಯರ್, ಒಂದು ಬಿಳಿ ಲೇಯರ್ ಹಾಕಿ ಎರಡರಲ್ಲೂ 200% ಹಿಗ್ಗಿಸಿ ನೋಡಿ. ಕೆಂಪು ಗೆರೆ ಒಂದರಲ್ಲಿ ಕಾಣದಿದ್ದರೆ ಇನ್ನೊಂದರಲ್ಲಿ ಕಾಣುತ್ತದೆ. ಪೇಂಟಿನ ಚಿತ್ರವನ್ನು ಪಿಎನ್‌ಜಿಯಾಗಿ, ಆಕಾರವನ್ನು ಎಸ್‌ವಿಜಿ ಅಥವಾ ಪಿಡಿಎಫ್ ಆಗಿ ಉಳಿಸಿ. ಜೆಪೆಗ್‌ಗೆ ಪಾರದರ್ಶಕತೆ ಗೊತ್ತಿಲ್ಲ. ಪ್ರೆಸ್ಸಿನವರಿಗೆ ಪಿಎನ್‌ಜಿಯನ್ನು ವಾಟ್ಸಾಪಿನಲ್ಲಿ ಫೋಟೊ ಆಗಿ ಕಳಿಸಿದರೆ ಅದು ದಾರಿಯಲ್ಲೇ ಜೆಪೆಗ್ ಆಗಿ, ಖಾಲಿ ಜಾಗಕ್ಕೆ ಬಣ್ಣ ತುಂಬಿಕೊಂಡು ತಲುಪುತ್ತದೆ. ಡಾಕ್ಯುಮೆಂಟ್ ಆಗಿ ಅಥವಾ ಇಮೇಲಿನಲ್ಲಿ ಕಳಿಸಿ.